ಐದು ಮನೆಗಳ ಸ್ಟ್ಯಾಕಿಗೆ ಆರನೆಯ ಅಕ್ಷರ

ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಡಿ ಕಂಪ್ಯೂಟರ್ ಸೈನ್ಸ್ ಓದುವವರಿಗೆ ಮೂರನೇ ಸೆಮಿಸ್ಟರಿನ ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್ ಎಂದರೆ ಸ್ಟ್ಯಾಕ್ ಪ್ರೋಗ್ರಾಂ ನೆನಪಾಗುತ್ತದೆ. ಅರೇ ಬಳಸಿ ಪೂರ್ಣಾಂಕಗಳ ಒಂದು ಸ್ಟ್ಯಾಕ್ ಕಟ್ಟಬೇಕು. ಅದರ ಗಾತ್ರ `MAX` ಎಂದು ಮೊದಲೇ ಗೊತ್ತು ಮಾಡಿರಬೇಕು. ಅದರಲ್ಲಿ ಹಾಕುವುದು, ತೆಗೆಯುವುದು ಎರಡನ್ನೂ ಮಾಡಿ ತೋರಿಸಬೇಕು. ಪ್ಯಾಲಿಂಡ್ರೋಮ್, ಅಂದರೆ ಹಿಂದುಮುಂದಾಗಿ ಓದಿದರೂ ಒಂದೇ ಆಗಿರುವ ಪದ ಅಥವಾ ಸಂಖ್ಯೆಯನ್ನು ಅದೇ ಸ್ಟ್ಯಾಕಿನಿಂದ ಪರೀಕ್ಷಿಸಬೇಕು. ಕೊನೆಗೆ ಓವರ್‌ಫ್ಲೋ ಮತ್ತು ಅಂಡರ್‌ಫ್ಲೋ ಆಗುವುದನ್ನೂ ತೋರಿಸಬೇಕು. ಪುಶ್, ಪಾಪ್ ಬರೆಯುವುದರಲ್ಲಿ ಯಾರಿಗೂ ಹೆಚ್ಚು ಕಷ್ಟವಾಗುವುದಿಲ್ಲ. ಓವರ್‌ಫ್ಲೋ, ಅಂಡರ್‌ಫ್ಲೋ ಭಾಗವನ್ನು ಮಾತ್ರ ಬಹುಪಾಲು ಮಂದಿ ಎರಡು `printf` ಸಾಲುಗಳಲ್ಲಿ ಮುಗಿಸಿ ರೆಕಾರ್ಡ್ ಬುಕ್ಕಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಇಡೀ ಪ್ರೋಗ್ರಾಂನಲ್ಲಿ ನಿಂತು ನೋಡಬೇಕಾದ ಜಾಗ ಅದೇ.

ಸ್ಟ್ಯಾಕ್ ಎಂದರೆ ಕೊನೆಗೆ ಬಂದದ್ದು ಮೊದಲು ಹೊರಗೆ ಹೋಗುವ ವ್ಯವಸ್ಥೆ. ಹಳೆಯ ಕಿರಾಣಿ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ಚೀಟಿ ಚುಚ್ಚಿಡುವ ತಂತಿ ನೆಟ್ಟಗೆ ನಿಂತಿರುತ್ತಿತ್ತಲ್ಲ, ಹಾಗೆ. ಹೊಸ ಚೀಟಿ ಮೇಲಿನಿಂದಲೇ ಇಳಿಯಬೇಕು, ತೆಗೆಯುವಾಗಲೂ ಮೇಲಿನದ್ದೇ ಮೊದಲು ಕೈಗೆ ಬರಬೇಕು. ಹಾಕುವುದಕ್ಕೆ ಪುಶ್, ತೆಗೆಯುವುದಕ್ಕೆ ಪಾಪ್ ಎನ್ನುತ್ತಾರೆ. ಜರ್ಮನಿಯ ಮ್ಯೂನಿಕ್‌ನಲ್ಲಿ ಫ್ರೀಡ್ರಿಶ್ ಬಾವರ್ ಮತ್ತು ಕ್ಲಾಸ್ ಸಾಮೆಲ್ಸನ್ ಈ ವಿಧಾನಕ್ಕೆ 1957ರಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದರು. ಉದ್ದನೆಯ ಸೂತ್ರವೊಂದನ್ನು ಯಂತ್ರ ಬಿಡಿಸುವಾಗ ಅರ್ಧಕ್ಕೆ ನಿಂತ ಲೆಕ್ಕವನ್ನು ಎಲ್ಲಿ ಇಟ್ಟುಕೊಳ್ಳಬೇಕು ಎಂಬುದು ಅವರ ಮುಂದಿದ್ದ ಪ್ರಶ್ನೆ.

ಈ ಸ್ಟ್ಯಾಕನ್ನು ಅರೇಯಲ್ಲಿ ಕಟ್ಟುವುದು ಬಹಳ ಸರಳ. ಅರೇ ಎಂದರೆ ಕಂಪ್ಯೂಟರಿನ ಮೆಮೊರಿಯಲ್ಲಿ ಗೋಡೆಗೆ ಗೋಡೆ ತಾಗಿ ನಿಂತ ಮನೆಗಳ ಸಾಲು. ಸಿ ಭಾಷೆಯಲ್ಲಿ ಮನೆಗಳ ಎಣಿಕೆ ಸೊನ್ನೆಯಿಂದ ಶುರು. `MAX` ಐದು ಎಂದರೆ 0, 1, 2, 3, 4 ಎಂಬ ಐದು ಮನೆಗಳು. ಈ ಸಾಲಿನ ಜೊತೆಗೆ `top` ಎಂಬ ಒಂದು ಸಂಖ್ಯೆ ಇದ್ದರೆ ಸಾಕು. ಸದ್ಯ ಮೇಲೆ ಇರುವ ವಸ್ತು ಎಷ್ಟನೇ ಮನೆಯಲ್ಲಿದೆ ಎಂದು ಅದು ಹೇಳುತ್ತದೆ. ಸ್ಟ್ಯಾಕ್ ಖಾಲಿ ಇದ್ದಾಗ `top` ಬೆಲೆ -1. ಒಂದು ವಸ್ತು ಬಂದರೆ 0, ತುಂಬಿದಾಗ 4. ಪುಶ್ ಎಂದರೆ `top` ಒಂದು ಮೇಲಕ್ಕೆ ಏರಿ ಆ ಮನೆಗೆ ಬೆಲೆ ಬರೆಯುವುದು. ಪಾಪ್ ಎಂದರೆ ಆ ಮನೆಯ ಬೆಲೆ ಓದಿಕೊಂಡು `top` ಒಂದು ಕೆಳಗಿಳಿಯುವುದು. ತೆಗೆದ ವಸ್ತುವನ್ನು ಯಾರೂ ಅಳಿಸುವುದಿಲ್ಲ, ಅದು ಮನೆಯಲ್ಲೇ ಬಿದ್ದಿರುತ್ತದೆ. ಮುಂದಿನ ಪುಶ್ ಅದರ ಮೇಲೆ ಬರೆಯುತ್ತದೆ ಅಷ್ಟೇ.

```c
#define MAX 5

struct stack {
    int item[MAX];
    int top;
};

int push(struct stack *s, int x)
{
    if (s->top == MAX - 1)
        return 0;
    s->top = s->top + 1;
    s->item[s->top] = x;
    return 1;
}
```

ಇಲ್ಲಿನ `if` ಸಾಲೇ ಓವರ್‌ಫ್ಲೋ ತಪಾಸಣೆ. ಕೊನೆಯ ಮನೆ ತುಂಬಿದ್ದರೆ ಏನನ್ನೂ ಮುಟ್ಟದೆ 0 ಹಿಂತಿರುಗಿಸು, ಇಲ್ಲದಿದ್ದರೆ ಹಾಕಿ 1 ಹಿಂತಿರುಗಿಸು ಎಂದು ಅದರ ಅರ್ಥ. ತಪಾಸಣೆ ಮೊದಲು, ಕೆಲಸ ಆಮೇಲೆ. `top` ಏರಿಸಿದ ಮೇಲೆ ತುಂಬಿದೆಯೇ ಎಂದು ನೋಡಿ ವಾಪಸಾದರೆ `top` 5ರಲ್ಲೇ ನಿಂತುಬಿಡುತ್ತದೆ, ಮುಂದಿನ ಪಾಪ್ ಇಲ್ಲದ ಮನೆಯಿಂದ ಓದುತ್ತದೆ.

ಈ ಎರಡು ಸಾಲು ಇಲ್ಲದಿದ್ದರೆ ಏನಾಗುತ್ತದೆ? ಸಿ ಭಾಷೆ ಅರೇಯ ಎಲ್ಲೆಯನ್ನು ಕಾಯುವುದಿಲ್ಲ. ಐದೇ ಮನೆ ಇದ್ದರೂ `item[5]` ಎಂದು ಬರೆದರೆ, ಐದನೆಯ ಮನೆಯ ಗೋಡೆಯಾಚೆ ಇರುವ ಜಾಗಕ್ಕೆ ಹೋಗಿ ಬರೆಯುತ್ತದೆ. ಆ ಜಾಗ ಯಾರದ್ದು ಎಂಬುದು ಅದಕ್ಕೆ ಬೇಕಿಲ್ಲ. ಭಾಷೆಯ ನಿಯಮದ ಪ್ರಕಾರ ಇಂಥ ಬರಹಕ್ಕೆ ಯಾವ ಖಾತರಿಯೂ ಇಲ್ಲ, ಏನು ಬೇಕಾದರೂ ಆಗಬಹುದು. ಆದರೆ ಸಾಮಾನ್ಯ ಕಂಪ್ಯೂಟರಿನಲ್ಲಿ, ಆಪ್ಟಿಮೈಸೇಶನ್ ಇಲ್ಲದೆ ಕಂಪೈಲ್ ಮಾಡಿದಾಗ ಆಗುವುದನ್ನು ಹೆಜ್ಜೆಹೆಜ್ಜೆಯಾಗಿ ನೋಡಬಹುದು. ಅದಕ್ಕೆ ಕನ್ನಡಿಗರೆಲ್ಲ ಬಲ್ಲ ಪ್ಯಾಲಿಂಡ್ರೋಮ್ ಇದೆ: ವಿಕಟಕವಿ.

ವಿ, ಕ, ಟ, ಕ, ವಿ. ಬಾಯಿಲೆಕ್ಕದಲ್ಲಿ ಐದು ಅಕ್ಷರ, `MAX` ಕೂಡ ಐದು. ಸರಿಯಾಗಿ ಹಿಡಿಸಬೇಕು. ಆದರೆ ಕಂಪ್ಯೂಟರ್ ಕನ್ನಡವನ್ನು ಇಟ್ಟುಕೊಳ್ಳುವ ಯೂನಿಕೋಡ್ ಪದ್ಧತಿಯಲ್ಲಿ ‘ವಿ’ ಒಂದು ಸಂಕೇತವಲ್ಲ, ಎರಡು: ‘ವ’ ಒಂದು, ಅದಕ್ಕೆ ಹತ್ತುವ ಗುಡಿಸು ಇನ್ನೊಂದು. ವಿದ್ಯಾರ್ಥಿಯೊಬ್ಬರು ಈ ಪದವನ್ನು ಯೂನಿಕೋಡ್ ಸಂಖ್ಯೆಗಳಾಗಿ ಬಿಡಿಸಿ ಒಂದೊಂದನ್ನೇ ಪುಶ್ ಮಾಡಿದರೆ ಹೋಗುವ ಸಾಲು ಹೀಗಿರುತ್ತದೆ: 3253, 3263, 3221, 3231, 3221, 3253, 3263. ಒಟ್ಟು ಏಳು.

ಮೊದಲ ಐದು ಸಂಖ್ಯೆಗಳು 0ಯಿಂದ 4ರವರೆಗಿನ ಮನೆಗಳಲ್ಲಿ ಕೂರುತ್ತವೆ. ಒಂದೊಂದು ಪೂರ್ಣಾಂಕಕ್ಕೆ 4 ಬೈಟ್, ಹಾಗಾಗಿ ಅರೇ 20 ಬೈಟ್‌ಗೆ ಮುಗಿಯುತ್ತದೆ. ಅದರ ಬೆನ್ನಿಗೇ, 20ನೇ ಬೈಟಿನಿಂದ, `top` ಇದೆ. `struct` ಒಳಗೆ ನಾವೇ ಅದನ್ನು ಆ ಜಾಗದಲ್ಲಿ ಬರೆದಿದ್ದೇವೆ. ಈಗ ಆರನೆಯ ಸಂಖ್ಯೆ, ಕೊನೆಯ ‘ವ’ದ 3253 ಬರುತ್ತದೆ. ತಪಾಸಣೆ ಇಲ್ಲದ್ದರಿಂದ `top` 5 ಆಗುತ್ತದೆ, ಆ ಮೇಲೆ `item[5]` ಎಂಬ ಜಾಗಕ್ಕೆ 3253 ಬರೆಯಲಾಗುತ್ತದೆ. ಆದರೆ `item[5]` ಎಂಬುದು 20ನೇ ಬೈಟ್, ಅಂದರೆ `top` ಇರುವ ಜಾಗವೇ. ಅಕ್ಷರವೊಂದು ಹೋಗಿ ಎಣಿಕೆಯ ಮೇಲೆ ಕೂತಿತು. `top` ಬೆಲೆ ಈಗ 3253.

ಪರದೆಯ ಮೇಲೆ ಏನೂ ಕಾಣುವುದಿಲ್ಲ. ಪ್ರೋಗ್ರಾಂ ಮುಂದುವರಿಯುತ್ತದೆ. ಏಳನೆಯ ಪುಶ್ `top` ಅನ್ನು 3254ಕ್ಕೆ ಏರಿಸಿ, ಅರೇಯ ಆರಂಭದಿಂದ 13016 ಬೈಟ್ ದೂರದಲ್ಲಿ ಬರೆಯಲು ಹೊರಡುತ್ತದೆ. ಪುಟ್ಟ ಪ್ರೋಗ್ರಾಂನಲ್ಲಿ ಸ್ಟ್ಯಾಕನ್ನು ಗ್ಲೋಬಲ್ ಆಗಿ ಇಟ್ಟಿದ್ದರೆ ಅಷ್ಟು ದೂರದ ಜಾಗ ಸಾಮಾನ್ಯವಾಗಿ ಅದರ ಪಾಲಿಗೆ ಸೇರಿರುವುದಿಲ್ಲ. ಆಪರೇಟಿಂಗ್ ಸಿಸ್ಟಂ ಪ್ರೋಗ್ರಾಂ ಅನ್ನು ಅಲ್ಲೇ ನಿಲ್ಲಿಸಿ `Segmentation fault` ಎಂದು ತೋರಿಸುತ್ತದೆ. ತಪ್ಪು ನಡೆದದ್ದು ಆರನೆಯ ಪುಶ್‌ನಲ್ಲಿ, ಪ್ರೋಗ್ರಾಂ ಬಿದ್ದದ್ದು ಏಳನೆಯದರಲ್ಲಿ. ದೊಡ್ಡ ಪ್ರೋಗ್ರಾಂನಲ್ಲಿ ಈ ಎರಡರ ನಡುವೆ ಲಕ್ಷಾಂತರ ಆಜ್ಞೆಗಳು ಓಡಿರಬಹುದು. ಬಿದ್ದ ಜಾಗದಲ್ಲಿ ಹುಡುಕುವವರಿಗೆ ಅಲ್ಲಿ ತಪ್ಪೇನೂ ಸಿಗುವುದಿಲ್ಲ.

ಬಿದ್ದರೆ ಪುಣ್ಯ ಎನ್ನಬೇಕು. ಅದೇ ಸ್ಟ್ಯಾಕಿಗೆ 10, 20, 30, 40, 50 ಹಾಕಿ ಆರನೆಯದಾಗಿ 2 ಹಾಕಿದರೆ `top` ಬೆಲೆ 2 ಆಗುತ್ತದೆ. ಮೂರೇ ವಸ್ತುಗಳಿರುವ ಆರೋಗ್ಯವಂತ ಸ್ಟ್ಯಾಕಿನಂತೆ ಅದು ಕಾಣುತ್ತದೆ. ಪಾಪ್ ಮಾಡಿದರೆ 30 ಬರುತ್ತದೆ. 40, 50 ಲೆಕ್ಕದಿಂದ ಮಾಯ, 2 ಎಲ್ಲೂ ಇಲ್ಲ. ಯಾವ ಎಚ್ಚರಿಕೆಯೂ ಬರುವುದಿಲ್ಲ, ತಪ್ಪು ಉತ್ತರ ಸರಿಯಾದ ಉತ್ತರದ ವೇಷದಲ್ಲಿ ಹೊರಬರುತ್ತದೆ.

ಇಂಥದ್ದನ್ನು ಕಂಡುಹಿಡಿಯಲು ಕಂಪೈಲರಿನಲ್ಲೇ ಒಂದು ಸಹಾಯ ಇದೆ. ಲ್ಯಾಬಿನಲ್ಲಿ ಬಳಸುವ ಜಿಸಿಸಿ ಕಂಪೈಲರಿಗೆ ಹೀಗೆ ಹೇಳಬಹುದು:

```
gcc -g -fsanitize=undefined stack.c
```

ಈಗ ಪ್ರೋಗ್ರಾಂ ಓಡಿಸಿದರೆ ಆರನೆಯ ಪುಶ್ ಆದ ಕೂಡಲೇ, ಅದೇ ಸಾಲಿನ ಸಂಖ್ಯೆಯೊಂದಿಗೆ `index 5 out of bounds for type 'int [5]'` ಎಂಬ ಸಂದೇಶ ಬರುತ್ತದೆ. ಮೆಮೊರಿ ತಪ್ಪುಗಳಿಗೆ ಹೆಸರಾದ ಇನ್ನೊಂದು ಆಯ್ಕೆ `-fsanitize=address` ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಅಕ್ಷರ ಬಿದ್ದದ್ದು ಅದೇ `struct` ಒಳಗಿನ ಇನ್ನೊಂದು ಜಾಗಕ್ಕೆ. ಹೊರಗಿನ ಎಲ್ಲೆ ದಾಟಿಲ್ಲ. ಈ ವ್ಯತ್ಯಾಸ ತಿಳಿಯದೆ, ಎಲ್ಲವನ್ನೂ ಪರೀಕ್ಷಿಸಿದ್ದೇವೆ ಎಂದು ನಂಬುವವರು ಬಹಳ.

ಈಗ ತಪಾಸಣೆಯ ಸಾಲನ್ನು ಮತ್ತೆ ಸೇರಿಸೋಣ. ಆರನೆಯ ಪುಶ್ 0 ಹಿಂತಿರುಗಿಸುತ್ತದೆ, ಮೆಮೊರಿ ಸುರಕ್ಷಿತ. ಆದರೆ ಪುಶ್ ಕರೆದವರು ಆ 0 ಅನ್ನು ಗಮನಿಸದೇ ಹೋದರೆ? ಸ್ಟ್ಯಾಕಿನಲ್ಲಿ ಉಳಿಯುವುದು ಮೊದಲ ಐದು ಸಂಕೇತಗಳು ಮಾತ್ರ. ಪಾಪ್ ಮಾಡುತ್ತಾ ಪದದ ಆರಂಭದಿಂದ ಹೋಲಿಸಿದರೆ, ಮೊದಲ ಹೋಲಿಕೆಯಲ್ಲೇ ‘ವ’ಕ್ಕೆ ಎದುರಾಗಿ ‘ಕ’ ಬರುತ್ತದೆ. ವಿಕಟಕವಿ ಪ್ಯಾಲಿಂಡ್ರೋಮ್ ಅಲ್ಲ ಎಂದು ಪ್ರೋಗ್ರಾಂ ತೀರ್ಪು ಕೊಡುತ್ತದೆ. ಹಾಗಾಗಿ ಓವರ್‌ಫ್ಲೋ ತಪಾಸಣೆ ಎರಡು ಕಡೆಯ ಕೆಲಸ: ಸ್ಟ್ಯಾಕ್ ‘ಆಗಲಿಲ್ಲ’ ಎಂದು ಹೇಳಬೇಕು, ಹಾಕಲು ಬಂದವರು ಅದನ್ನು ಕೇಳಿಸಿಕೊಳ್ಳಬೇಕು. ಪುಶ್‌ನ ಒಳಗೇ `printf` ಹಾಕಿ ಓವರ್‌ಫ್ಲೋ ಎಂದು ಮುದ್ರಿಸಿದರೆ ಪರದೆ ನೋಡುವ ಮನುಷ್ಯರಿಗೆ ಗೊತ್ತಾಗುತ್ತದೆ, ಕರೆದ ಪ್ರೋಗ್ರಾಂಗೆ ಗೊತ್ತಾಗುವುದಿಲ್ಲ.

`MAX` ಅನ್ನು ಏಳು ಮಾಡಿದರೆ ಓವರ್‌ಫ್ಲೋ ಹೋಗುತ್ತದೆ, ಉತ್ತರ ಮಾತ್ರ ತಪ್ಪಾಗಿಯೇ ಉಳಿಯುತ್ತದೆ. ಈಗ ಮೊದಲ ‘ವ’ಕ್ಕೆ ಎದುರಾಗಿ ಕೊನೆಯ ಗುಡಿಸು ಬರುತ್ತದೆ. ಸರಿಯಾದ ದಾರಿ ಎಂದರೆ ಪದವನ್ನು ಮೊದಲು ಅಕ್ಷರಗಳಾಗಿ ಒಡೆದು, ‘ವಿ’ಗೆ 1, ‘ಕ’ಕ್ಕೆ 2, ‘ಟ’ಕ್ಕೆ 3 ಎಂದು ಅಂಕಿ ಕೊಟ್ಟು 1, 2, 3, 2, 1 ಎಂದು ಪುಶ್ ಮಾಡುವುದು. ಆಗ ಐದು ಮನೆಗೆ ಐದು ಅಕ್ಷರ, ಕೊನೆಯ ಮನೆವರೆಗೂ ತುಂಬುತ್ತದೆ, ಉತ್ತರವೂ ಸರಿ. ಮೊದಲ ಯತ್ನದಲ್ಲೇ ಬಂದ ಓವರ್‌ಫ್ಲೋ ಸಂದೇಶ, ಬರುತ್ತಿರುವ ಮಾಹಿತಿಯ ಬಗ್ಗೆ ಬರೆದವರ ಎಣಿಕೆಯೇ ತಪ್ಪು ಎಂದು ಹೇಳುತ್ತಿತ್ತು. `MAX` ದೊಡ್ಡದು ಮಾಡುವ ಮೊದಲು ಏಕೆ ತುಂಬಿತು ಎಂದು ಕೇಳುವುದು ಲೇಸು.

ಪಾಪ್ ಕಡೆ ಇನ್ನೊಂದು ಬಗೆಯ ತೊಡಕಿದೆ. ಖಾಲಿ ಸ್ಟ್ಯಾಕಿನಿಂದ ತೆಗೆಯಲು ಹೋದರೆ ಅಂಡರ್‌ಫ್ಲೋ. ತಪಾಸಣೆ ಇಲ್ಲದಿದ್ದರೆ `item[-1]` ಓದಲಾಗುತ್ತದೆ, ಅರೇಗಿಂತ ಹಿಂದಿನ ಜಾಗದಲ್ಲಿ ಏನಿದೆಯೋ ಅದು ಬರುತ್ತದೆ. ಹಾಗಾಗಿ ತಪಾಸಣೆ ಬೇಕೇ ಬೇಕು. ಆದರೆ ಖಾಲಿ ಎಂಬುದನ್ನು ಕರೆದವರಿಗೆ ತಿಳಿಸುವುದು ಹೇಗೆ? ಬಹಳಷ್ಟು ರೆಕಾರ್ಡ್ ಪುಸ್ತಕಗಳಲ್ಲಿ ಖಾಲಿಯಿದ್ದರೆ -1 ಹಿಂತಿರುಗಿಸಿ ಎಂದಿರುತ್ತದೆ. ಸ್ಟ್ಯಾಕಿಗೆ -1 ಎಂಬ ಸಂಖ್ಯೆಯನ್ನೇ ಯಾರಾದರೂ ಹಾಕಿದ್ದರೆ ಇದು ಕೈಕೊಡುತ್ತದೆ. ಚಳಿಗಾಲದ ಲೇಹ್‌ನ ತಾಪಮಾನವನ್ನು ಡಿಗ್ರಿಗಳಲ್ಲಿ ಸ್ಟ್ಯಾಕಿಗೆ ಹಾಕುತ್ತಿದ್ದರೆ -1 ತೀರ ಸಹಜವಾದ ಅಂಕಿ. ಆಗ ಬಂದ -1 ತಾಪಮಾನವೋ, ಸ್ಟ್ಯಾಕ್ ಖಾಲಿ ಎಂಬ ಸುದ್ದಿಯೋ ಎಂದು ಹೇಳುವವರಿಲ್ಲ. ಬೆಲೆಗೆ ಒಂದು ದಾರಿ, ಸುದ್ದಿಗೆ ಇನ್ನೊಂದು ದಾರಿ ಇಟ್ಟರೆ ಗೊಂದಲ ತಪ್ಪುತ್ತದೆ.

```c
int pop(struct stack *s, int *x)
{
    if (s->top == -1)
        return 0;
    *x = s->item[s->top];
    s->top = s->top - 1;
    return 1;
}
```

ತೆಗೆದ ಬೆಲೆ `x` ತೋರಿಸುವ ಜಾಗಕ್ಕೆ ಹೋಗುತ್ತದೆ, ಹಿಂತಿರುಗುವುದು ಆಯಿತೋ ಇಲ್ಲವೋ ಎಂಬುದು ಮಾತ್ರ. ಪುಶ್ ಮತ್ತು ಪಾಪ್ ಎರಡೂ ಒಂದೇ ರೀತಿ ಉತ್ತರ ಕೊಡುವುದರಿಂದ ಬಳಸುವವರಿಗೂ ನೆನಪಿಟ್ಟುಕೊಳ್ಳುವುದು ಸುಲಭ.

ಲ್ಯಾಬಿನಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇವೆರಡಕ್ಕಿಂತ ಸಣ್ಣದು. ಕೆಲವು ಪುಸ್ತಕಗಳು `top` ಎಂದರೆ ಮೇಲಿನ ವಸ್ತುವಿನ ಮನೆ ಎನ್ನುತ್ತವೆ. ಆಗ ಖಾಲಿ ಎಂದರೆ -1, ತುಂಬಿದೆ ಎಂದರೆ `MAX - 1`. ಇನ್ನು ಕೆಲವು `top` ಎಂದರೆ ಮುಂದಿನ ಖಾಲಿ ಮನೆ ಎನ್ನುತ್ತವೆ. ಆಗ ಖಾಲಿ ಎಂದರೆ 0, ತುಂಬಿದೆ ಎಂದರೆ `MAX`. ಎರಡೂ ಸರಿ. ಒಂದರಿಂದ ಆರಂಭ, ಇನ್ನೊಂದರಿಂದ ತಪಾಸಣೆ ಎತ್ತಿಕೊಂಡರೆ ಮಾತ್ರ ಕೆಡುತ್ತದೆ. `top` -1ರಿಂದ ಶುರುವಾಗಿ, ತಪಾಸಣೆ `top == MAX` ಎಂದಿದ್ದರೆ ಆರನೆಯ ವಸ್ತುವಿಗೆ ಬಾಗಿಲು ತೆರೆದೇ ಇರುತ್ತದೆ. ಮೂರು ಹಾಕಿ ಎರಡು ತೆಗೆದು ಪರೀಕ್ಷಿಸುವವರಿಗೆ ಇದು ಎಂದೂ ಸಿಕ್ಕುವುದಿಲ್ಲ. ಸರಿಯಾಗಿ `MAX` ಸಲ ಹಾಕಿ, ಇನ್ನೊಂದು ಹಾಕಿ ನೋಡಬೇಕು. ಆಮೇಲೆ ಹಾಕಿದಷ್ಟನ್ನೂ ತೆಗೆದು, ಇನ್ನೊಂದು ಸಲ ತೆಗೆದು ನೋಡಬೇಕು. ಬಂದ ಬೆಲೆಗಳು ಹಾಕಿದ ಕ್ರಮದ ತಿರುವುಮುರುವು ಆಗಿರಬೇಕು, ಆರನೆಯ ಪುಶ್‌ಗೂ ಆರನೆಯ ಪಾಪ್‌ಗೂ 0 ಬರಬೇಕು. ಪರೀಕ್ಷೆ ಇಷ್ಟೇ, ಆದರೆ ಎಲ್ಲೆಯ ಎರಡೂ ಬದಿಯನ್ನು ಮುಟ್ಟುತ್ತದೆ.

ಎಣಿಕೆ ಸೊನ್ನೆಗಿಂತ ಕೆಳಗಿಳಿಯಬಾರದು ಎಂದು `top` ಅನ್ನು `unsigned int` ಮಾಡುವವರೂ ಇದ್ದಾರೆ. ಆಗ 0ಯಿಂದ ಒಂದು ಕಳೆದರೆ -1 ಬರುವುದಿಲ್ಲ, 4294967295 ಬರುತ್ತದೆ. `top < 0` ಎಂಬ ತಪಾಸಣೆ ಯಾವತ್ತೂ ನಿಜವಾಗುವುದಿಲ್ಲ.

ಅಂಡರ್‌ಫ್ಲೋ ಪ್ರತಿ ಸಲವೂ ತಪ್ಪೇ ಎಂದೇನಿಲ್ಲ. ಪ್ರೋಗ್ರಾಂ ಒಂದರಲ್ಲಿ ಆವರಣ ಚಿಹ್ನೆಗಳು ಸರಿಹೊಂದಿವೆಯೇ ಎಂದು ನೋಡಲು ತೆರೆದ ಪ್ರತಿ ಆವರಣವನ್ನೂ ಪುಶ್ ಮಾಡಿ, ಮುಚ್ಚಿದಾಗ ಪಾಪ್ ಮಾಡುತ್ತಾರೆ. `(a+b))` ಓದುವಾಗ ಕೊನೆಯ ಚಿಹ್ನೆಗೆ ಸ್ಟ್ಯಾಕ್ ಖಾಲಿ ಎಂದು ಪಾಪ್ 0 ಹಿಂತಿರುಗಿಸುತ್ತದೆ. ಮುಚ್ಚುವ ಚಿಹ್ನೆ ಒಂದು ಹೆಚ್ಚಾಗಿದೆ ಎಂಬ ಉತ್ತರವೇ ಅದು. ಪಾಪ್ ತನ್ನೊಳಗೇ ಬೊಬ್ಬೆ ಹಾಕಿ ಪ್ರೋಗ್ರಾಂ ನಿಲ್ಲಿಸುವಂತೆ ಬರೆದಿದ್ದರೆ ಅದನ್ನು ಹೀಗೆ ಬಳಸಿಕೊಳ್ಳಲು ಆಗುತ್ತಿರಲಿಲ್ಲ.

ಇದೇ ಎರಡು ತಪಾಸಣೆಗಳು ನಮ್ಮ ಶಾಲೆಗಳಿಗೆ ಬಂದ ಮೊದಲ ಕಂಪ್ಯೂಟರುಗಳಲ್ಲೂ ಇದ್ದವು. 1984ರಲ್ಲಿ ಆರಂಭವಾದ ಕ್ಲಾಸ್ ಯೋಜನೆಯಲ್ಲಿ ಭಾರತದ ಆಯ್ದ ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೋ ಬಂತು. ಅದರ ಬೇಸಿಕ್ ಭಾಷೆಯಲ್ಲಿ `GOSUB` ಎಂದರೆ ಪ್ರೋಗ್ರಾಂನ ಇನ್ನೊಂದು ಭಾಗಕ್ಕೆ ಹೋಗಿ ಬಾ ಎಂದು. ಎಲ್ಲಿಗೆ ವಾಪಸಾಗಬೇಕು ಎಂಬುದನ್ನು ನಿಗದಿತ ಗಾತ್ರದ ಸ್ಟ್ಯಾಕಿನಲ್ಲಿ ಬರೆದಿಡುತ್ತಿತ್ತು. ಒಂದರೊಳಗೊಂದು 26 ಸಲ ಹೋಗಬಹುದಿತ್ತು. ಅದನ್ನೂ ಮೀರಿದರೆ `Too many GOSUBs`. ಎಲ್ಲಿಗೂ ಹೋಗದೆ ವಾಪಸ್ ಬಾ ಎಂದರೆ `No GOSUB`. ಓವರ್‌ಫ್ಲೋ, ಅಂಡರ್‌ಫ್ಲೋ ಎಂಬ ಹೆಸರೆತ್ತದೆ, ಮಕ್ಕಳಿಗೆ ಏನು ತಪ್ಪಾಯಿತು ಎಂಬುದನ್ನೇ ಹೇಳುತ್ತಿದ್ದ ಸಂದೇಶಗಳು. ಇಂದಿನ ಎಷ್ಟೋ ಸಂದೇಶಗಳಿಗಿಂತ ಇವು ಚೆನ್ನಾಗಿವೆ.

ಎಲ್ಲರೂ ಹಾಗೆ ಮಾಡಲಿಲ್ಲ. ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಲ್ಲಿ ಪರಿಚಿತವಾದ ಪಿಐಸಿ16ಎಫ್877ಎ ಎಂಬ ಪುಟ್ಟ ಚಿಪ್‌ನಲ್ಲಿ ವಾಪಸಾಗುವ ವಿಳಾಸಗಳಿಗೆ ಎಂಟು ಮನೆಗಳ ಸ್ಟ್ಯಾಕ್ ಇದೆ, ಸಿಲಿಕಾನಿನಲ್ಲೇ ಕೊರೆದದ್ದು. ಒಂಬತ್ತನೆಯ ವಿಳಾಸ ಬಂದರೆ ಅದು ಸುತ್ತಿಕೊಂಡು ಹೋಗಿ ಮೊದಲನೆಯದರ ಮೇಲೆ ಕೂರುತ್ತದೆ. ತುಂಬಿತು ಎಂದು ತೋರಿಸುವ ಗುರುತು ಆ ಚಿಪ್‌ನಲ್ಲಿ ಇಲ್ಲ. ಒಳಗಿನ ಎಂಟು ವಾಪಸಾತಿಗಳೂ ಸರಿಯಾಗಿಯೇ ನಡೆಯುತ್ತವೆ. ಎಲ್ಲಕ್ಕಿಂತ ಹೊರಗಿನದು ಬಂದಾಗ ಪ್ರೋಗ್ರಾಂ ದಾರಿ ತಪ್ಪುತ್ತದೆ. ಅದೇ ಕುಟುಂಬದ ಪಿಐಸಿ18 ಚಿಪ್‌ಗಳಲ್ಲಿ ಮನೆಗಳು 31 ಆದವು, ಜೊತೆಗೆ `STKFUL`, `STKUNF` ಎಂಬ ಎರಡು ಬಿಟ್‌ಗಳು ಬಂದವು: ತುಂಬಿದರೆ ಒಂದು, ಖಾಲಿಯಿದ್ದಾಗ ತೆಗೆದರೆ ಇನ್ನೊಂದು. `STVREN` ಎಂಬ ಆಯ್ಕೆಯನ್ನು ಚಾಲೂ ಇಟ್ಟರೆ ಸ್ಟ್ಯಾಕ್ ಕೆಟ್ಟ ಕೂಡಲೇ ಚಿಪ್ ತನ್ನನ್ನು ತಾನೇ ರೀಸೆಟ್ ಮಾಡಿಕೊಳ್ಳುತ್ತದೆ. ವಾಪಸಾಗುವ ವಿಳಾಸ ಕಳೆದುಹೋದ ಮೇಲೆ ಮುಂದುವರಿಯುವುದರಲ್ಲಿ ಅರ್ಥವಿಲ್ಲ, ಆದ್ದರಿಂದ ಅಲ್ಲಿ ರೀಸೆಟ್ ಒಪ್ಪುವಂಥ ಮಾತು. ಎಡಿಟರ್ ಒಂದರ ‘ಅನ್‌ಡೂ’ ಪಟ್ಟಿ ತುಂಬಿದಾಗ ತೀರ ಹಳೆಯದನ್ನು ಬಿಟ್ಟು ಹೊಸದಕ್ಕೆ ಜಾಗ ಮಾಡಿದರೂ ಯಾರೂ ಬೇಸರಿಸುವುದಿಲ್ಲ. ಆವರಣ ಪರೀಕ್ಷೆಯಲ್ಲಿ ಹಾಗೆ ಬಿಟ್ಟರೆ ಉತ್ತರವೇ ಸುಳ್ಳಾಗುತ್ತದೆ, ಅಲ್ಲಿ ಹೊಸದನ್ನು ನಿರಾಕರಿಸಿ ಸುದ್ದಿ ಮುಟ್ಟಿಸುವುದೇ ದಾರಿ.

ಹಾಗಾದರೆ `MAX` ಎಷ್ಟಿರಬೇಕು? ಆವರಣ ಪರೀಕ್ಷೆಗೆ ಪ್ರೋಗ್ರಾಂನ ಉದ್ದ ಲೆಕ್ಕಕ್ಕಿಲ್ಲ, ಒಂದರೊಳಗೊಂದು ಎಷ್ಟು ಆಳಕ್ಕೆ ತೆರೆದಿವೆ ಎಂಬುದಷ್ಟೇ ಮುಖ್ಯ. ಸಾವಿರ ಸಾಲಿನ ಪ್ರೋಗ್ರಾಂನಲ್ಲೂ ಆಳ ಹತ್ತನ್ನು ದಾಟದಿರಬಹುದು. ಸಿ ಭಾಷೆಯ 1999ರ ಮಾನದಂಡ ಪ್ರತಿ ಕಂಪೈಲರ್ ಕನಿಷ್ಠ 127 ಹಂತದ ಬ್ಲಾಕ್‌ಗಳನ್ನೂ, ಒಂದು ಲೆಕ್ಕದೊಳಗೆ 63 ಹಂತದ ದುಂಡು ಆವರಣಗಳನ್ನೂ ತಾಳಿಕೊಳ್ಳಬೇಕು ಎನ್ನುತ್ತದೆ. ಎರಡನ್ನೂ ಕೂಡಿಸಿ 190ರ ಆಸುಪಾಸಿನ ಸ್ಟ್ಯಾಕ್ ಇಟ್ಟುಕೊಂಡು ಆರಂಭಿಸಬಹುದು. ಆಮೇಲೆ ಅಳತೆ ಮಾಡಬೇಕು: `struct` ಒಳಗೆ `peak` ಎಂಬ ಇನ್ನೊಂದು ಸಂಖ್ಯೆ ಸೇರಿಸಿ, ಪುಶ್ ಆದಾಗಲೆಲ್ಲ `top` ಅದಕ್ಕಿಂತ ಮೇಲೇರಿದ್ದರೆ ಅದನ್ನೇ ಬರೆದಿಟ್ಟುಕೊಳ್ಳುವುದು. ಕೆಲವು ದಿನ ನಿಜವಾದ ಫೈಲುಗಳ ಮೇಲೆ ಓಡಿಸಿ `peak` ನೋಡಿದರೆ ಸ್ಟ್ಯಾಕ್ ಎಷ್ಟು ಎತ್ತರಕ್ಕೆ ಏರಿತ್ತು ಎಂಬುದು ಸಿಗುತ್ತದೆ. ಅದು 12ರಲ್ಲಿ ನಿಂತಿದ್ದರೆ, ಜಾಗ ಬಿಗಿಯಾಗಿರುವ ಪುಟ್ಟ ಚಿಪ್‌ನಲ್ಲಿ `MAX` ಅನ್ನು 32ಕ್ಕೆ ಇಳಿಸಿಯೂ ಕೆಲಸ ನಡೆಸಬಹುದು. 33ನೆಯದು ಬಂದ ದಿನ ಪುಶ್ 0 ಹಿಂತಿರುಗಿಸುತ್ತದೆ.